ಬಿಲ್ ನೋಡದೆ ಎಣಿಸಿ

ಮಾಲು ತಂದ ಲಾರಿ ಅಂಗಡಿಯ ಮುಂದೆ ನಿಂತಾಗ ಡ್ರೈವರ್ ಮೊದಲು ಕೈಗಿಡುವುದು ಬಿಲ್. ಅದರಲ್ಲಿ ‘200 ಚೀಲ’ ಎಂದು ಬರೆದಿರುತ್ತದೆ. ಹಮಾಲರು ಇಳಿಸುತ್ತಿದ್ದಂತೆ ಅಂಗಡಿಯವರು ಒಮ್ಮೆ ಅಟ್ಟಿಯತ್ತ ಕಣ್ಣು ಹಾಯಿಸಿ, ಮಾಲು ಬಂದ ಪುಸ್ತಕದಲ್ಲಿ ‘200 ಬಂತು’ ಎಂದು ಬರೆದು ಸಹಿ ಮಾಡುತ್ತಾರೆ. ತಿಂಗಳ ಕೊನೆಗೆ ಲೆಕ್ಕ ನೋಡುವವರಿಗೆ ಆರ್ಡರ್, ಮಾಲು ಬಂದ ಚೀಟಿ, ಬಿಲ್ ಮೂರೂ ಸರಿಯಾಗಿ ತಾಳೆಯಾಗುತ್ತವೆ. ಆದರೆ ಆ ತಾಳೆಗೆ ಬೆಲೆಯಿಲ್ಲ. ಚೀಟಿಯ ಸಂಖ್ಯೆ ಬಿಲ್ಲಿನಿಂದಲೇ ನಕಲಾಗಿ ಬಂದಿದೆ, ಹಾಗಾಗಿ ಅಲ್ಲಿ ಇದ್ದದ್ದು ಮೂರು ಕಾಗದವಲ್ಲ, ಎರಡೇ.

ಮೂರು ಕಡೆಯ ತಾಳೆ ಎಂದರೆ ಮೂರು ಬೇರೆ ಬೇರೆ ಕೈಗಳು, ಮೂರು ಬೇರೆ ಹೊತ್ತಿನಲ್ಲಿ, ಒಂದೇ ವ್ಯವಹಾರದ ಬಗ್ಗೆ ಬರೆದದ್ದನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು. ನಾವು ಏನು ಕೇಳಿದೆವು, ಯಾವ ದರಕ್ಕೆ ಕೇಳಿದೆವು ಎಂಬುದನ್ನು ಆರ್ಡರ್ ಹೇಳುತ್ತದೆ. ನಮ್ಮ ನೆಲದ ಮೇಲೆ ನಿಜವಾಗಿ ಏನು ಇಳಿಯಿತು ಎಂಬುದನ್ನು ಆವಕ ಚೀಟಿ ಹೇಳುತ್ತದೆ. ಎಷ್ಟು ಹಣ ಕೇಳುತ್ತಿದ್ದಾರೆ ಎಂಬುದನ್ನು ಬಿಲ್ ಹೇಳುತ್ತದೆ. ಪ್ರಮಾಣವನ್ನು ನೋಡುವಾಗ ಬಿಲ್ಲನ್ನು ಆವಕ ಚೀಟಿಯ ಜೊತೆ ಇಡಬೇಕು, ದರವನ್ನು ನೋಡುವಾಗ ಆರ್ಡರಿನ ಜೊತೆ ಇಡಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಅವರ್ಸಾದಂಥ ಊರಿನ ಅಂಗಡಿಗೆ ಒಂದು ಡುಪ್ಲಿಕೇಟ್ ಪುಸ್ತಕ, ಒಂದು ಫೋನು, ಬೇಕಾದರೆ ಒಂದು ಕಂಪ್ಯೂಟರ್ ಇದ್ದರೆ ಸಾಕು.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ಕೊನೆಯವರೆಗೆ ನೋಡೋಣ. ಅಂಗಡಿ ಕಲ್ಪಿತ, ಆದರೆ ಕಟ್ಟಡ ಸಾಮಗ್ರಿ ಮಾರುವವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇರಲಾರದು. ಕಾರವಾರ–ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಅವರ್ಸಾದಲ್ಲಿ, ಅಕ್ಕ–ತಮ್ಮ ಸೇರಿ ನಡೆಸುವ ಒಂದು ಹಾರ್ಡ್‌ವೇರ್ ಅಂಗಡಿ. ಆರ್ಡರ್ ಕೊಡುವುದು, ಹಣ ಕಟ್ಟುವುದು ಅಕ್ಕನ ಕೆಲಸ. ಗೋದಾಮು ತಮ್ಮನದು. ಸಿಮೆಂಟ್ ಮತ್ತು ಕಬ್ಬಿಣ ಹುಬ್ಬಳ್ಳಿಯಿಂದ ಅರಬೈಲ್ ಘಾಟಿ ಇಳಿದು ಬರುತ್ತವೆ.

2025ರ ಸೆಪ್ಟೆಂಬರ್ 1ರಂದು ಅಕ್ಕ ಸರಬರಾಜುದಾರರಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆದಳು: ‘ಆರ್ಡರ್ 41. ಸಿಮೆಂಟ್ 300 ಚೀಲ, ಚೀಲಕ್ಕೆ 345, ಎಲ್ಲ ಸೇರಿ ಗೋದಾಮಿಗೆ. 12 ಎಂಎಂ ಟಿಎಂಟಿ 2 ಟನ್, ಕಿಲೋಗೆ 56, ತೆರಿಗೆ ಬೇರೆ.’ ಆ ಕಡೆಯಿಂದ ‘ಓಕೆ’ ಬಂತು. ನಮ್ಮ ಕಡೆ ಬಹಳಷ್ಟು ಆರ್ಡರ್‌ಗಳು ಹೀಗೆಯೇ ಆಗುತ್ತವೆ, ಅದರಲ್ಲಿ ತಪ್ಪೇನಿಲ್ಲ. ಬರಹದಲ್ಲಿದೆ, ಒಪ್ಪಿಗೆಯಿದೆ, ತಾರೀಖಿದೆ. ಅವಳು ಸಂಖ್ಯೆಯನ್ನೂ ಕೊಟ್ಟಿದ್ದಾಳೆ, ಮುಂದೆ ಚೀಟಿಯನ್ನೂ ಬಿಲ್ಲನ್ನೂ ಒಂದೇ ದಾರಕ್ಕೆ ಪೋಣಿಸುವುದು ಆ 41 ಎಂಬ ಸಂಖ್ಯೆಯೇ. ಆದರೆ ಈ ಸಂದೇಶದಲ್ಲಿ ಎರಡು ಮಾತು ಬಿಟ್ಟುಹೋಗಿವೆ. ಎರಡಕ್ಕೂ ಮುಂದೆ ಬೆಲೆ ತೆರಬೇಕಾಗುತ್ತದೆ.

ಮೊದಲ ಲಾರಿ

ಸೆಪ್ಟೆಂಬರ್ 18ಕ್ಕೆ ಸಿಮೆಂಟಿನ ಮೊದಲ ಲೋಡು ಬಂತು. ಮಳೆ ಇನ್ನೂ ನಿಂತಿರಲಿಲ್ಲ. ಅಕ್ಕ ಒಂದು ಪದ್ಧತಿ ಮಾಡಿದ್ದಾಳೆ: ಡ್ರೈವರ್ ತಂದ ಬಿಲ್ ನೇರವಾಗಿ ಕೌಂಟರಿಗೆ ಹೋಗುತ್ತದೆ, ತಮ್ಮನ ಕೈಗೆ ಸಿಗುವುದಿಲ್ಲ. ತಮ್ಮನಿಗೆ ಗೊತ್ತಿರುವುದು ‘ಆರ್ಡರ್ 41, ಸಿಮೆಂಟ್’ ಎಂಬಷ್ಟೇ, ಎಷ್ಟು ಚೀಲ ಎಂಬುದು ಗೊತ್ತಿಲ್ಲ. ಅವನು ಹತ್ತು ಚೀಲಕ್ಕೊಂದು ಅಟ್ಟಿ ಮಾಡಿಸಿ ಎಣಿಸುತ್ತಾನೆ. ಹೊರಗಿನ ಸಾಲು ಸರಿಯಾಗಿದ್ದು ಒಳಗೆ ಪೊಳ್ಳಾಗಿರುವ ಅಟ್ಟಿ ಹೀಗೆ ಎಣಿಸುವವನ ಕಣ್ಣು ತಪ್ಪಿಸಿಕೊಳ್ಳಲಾರದು.

ತಮ್ಮ ಬರೆದ ಚೀಟಿಯಲ್ಲಿ ಮೂರು ಸಂಖ್ಯೆಗಳಿವೆ: ಬಂದದ್ದು 200, ತಿರಸ್ಕರಿಸಿದ್ದು 3, ಒಪ್ಪಿಕೊಂಡದ್ದು 197. ತಾಡಪತ್ರಿಯ ಅಂಚಿನಿಂದ ನೀರಿಳಿದು ಮೂರು ಚೀಲಗಳ ಒಂದು ಬದಿ ಗಟ್ಟಿಯಾಗಿತ್ತು. ಬೆರಳಿಂದ ಒತ್ತಿದರೆ ಪುಡಿಯಾಗದಂಥ ಗಟ್ಟಿ. ಡ್ರೈವರ್ ಎದುರಿಗೇ ಫೋಟೋ ತೆಗೆದು, ಡ್ರೈವರಿನ ಪ್ರತಿಯ ಮೇಲೂ ‘3 ಚೀಲ ಗಟ್ಟಿ, ಒಪ್ಪಿಲ್ಲ’ ಎಂದು ಬರೆಸಿ ಸಹಿ ಹಾಕಿಸಿದ. ಲಾರಿ ಹೋದ ಮೇಲೆ ಬರೆದಿದ್ದರೆ ಅದು ಒಬ್ಬರ ಮಾತಾಗುತ್ತಿತ್ತು. ನಮ್ಮ ಕರಾವಳಿಯ ತೇವದಲ್ಲಿ ನಿಮ್ಮ ಗೋದಾಮಿನಲ್ಲೇ ಗಟ್ಟಿಯಾಯಿತೆಂದು ಸರಬರಾಜುದಾರರು ಹೇಳಿದರೆ ಇಲ್ಲವೆಂದು ಸಾಧಿಸುವುದು ಕಷ್ಟ.

ಹಲವು ಅಂಗಡಿಗಳ ಆವಕ ಪುಸ್ತಕದಲ್ಲಿ ಒಂದೇ ಕಾಲಂ ಇರುತ್ತದೆ, ‘ಬಂದದ್ದು’ ಎಂದು. ಅಲ್ಲಿ 200 ಎಂದು ಬರೆದರೆ ಹಾಳಾದ ಮೂರಕ್ಕೂ ಹಣ ಹೋಗುತ್ತದೆ, 197 ಎಂದು ಬರೆದರೆ ಮೂರು ಚೀಲ ಬರಲೇ ಇಲ್ಲ ಎಂದಾಗುತ್ತದೆ. ಎರಡೂ ನಿಜವಲ್ಲ. ತಾಳೆಗೆ ಬೇಕಾದದ್ದು ಒಪ್ಪಿಕೊಂಡ ಸಂಖ್ಯೆ, ಆದರೆ ಅದಕ್ಕೆ ಹೇಗೆ ಬಂದೆವು ಎಂಬ ದಾರಿಯೂ ಕಾಗದದ ಮೇಲಿರಬೇಕು.

ಬಿಲ್ಲಿನಲ್ಲಿ 200 ಚೀಲ, ಒಟ್ಟು ₹69,000. ಅಕ್ಕ ಅದಕ್ಕೆ ಗುರುತು ಹಾಕಿ, ಮೂರು ಚೀಲದ ₹1,035 ತಡೆಹಿಡಿದು ₹67,965 ಪಾವತಿಸಿದಳು. ಇಡೀ ಬಿಲ್ಲನ್ನು ತಡೆಯಲಿಲ್ಲ ಎಂಬುದು ಮುಖ್ಯ. ಮೂರು ಚೀಲದ ತಕರಾರಿಗೆ 197 ಚೀಲದ ಹಣ ನಿಲ್ಲಿಸಿದರೆ ಮುಂದಿನ ಸಲ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ನಮ್ಮ ಪಕ್ಕದ ಬೇಲೆಕೇರಿಯನ್ನು ಇಲ್ಲಿ ನೆನೆಯದೆ ಇರಲಾರೆ. 2010ರಲ್ಲಿ ಆ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಕಾಗದದಲ್ಲಿ ಅಲ್ಲೇ ಇತ್ತು, ಅಂಗಳದಲ್ಲಿ ಇರಲಿಲ್ಲ. ಬಹುಪಾಲು ಹಡಗು ಹತ್ತಿ ಹೋಗಿತ್ತು. ಕಾಗದಕ್ಕೆ ಕಾಗದ ಹೊಂದಿಸುವುದರಿಂದ ಅಂಥದ್ದು ಗೊತ್ತಾಗುವುದಿಲ್ಲ, ಅಂಗಳಕ್ಕೆ ಹೋಗಿ ಅಳೆದಾಗಲೇ ಗೊತ್ತಾಗುವುದು. ಸಣ್ಣ ಅಂಗಡಿಯ ಆವಕ ಚೀಟಿ ಮಾಡಬೇಕಾದದ್ದೂ ಅಷ್ಟೇ, ನೆಲದ ಮೇಲಿರುವುದನ್ನು ಕಂಡು ಬರೆಯುವುದು.

ಎರಡನೇ ಲಾರಿ, ಬದಲಾದ ತೆರಿಗೆ

ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. 25ಕ್ಕೆ ಎರಡನೇ ಲೋಡು ಬಂತು. ತಮ್ಮ ಎಣಿಸಿದಾಗ 103 ಚೀಲ. ಹಾಳಾದ ಮೂರರ ಬದಲಿಗೆ ಮೂರು ಚೀಲ ಸೇರಿಸಿ ಕಳಿಸಿದ್ದರು. ಬಿಲ್ಲಿನಲ್ಲಿ 100 ಚೀಲ, ₹34,500, ಅಂದರೆ ಚೀಲಕ್ಕೆ ಅದೇ 345.

ಬಿಲ್ಲಿಗೊಂದು ಚೀಟಿ ಎಂದು ಜೋಡಿಸಿ ನೋಡುವವರಿಗೆ ಇಲ್ಲಿ ಎರಡು ಗೊಂದಲ. ಮೊದಲ ಬಿಲ್ಲಿನಲ್ಲಿ ಮೂರು ಚೀಲ ಕಡಿಮೆ ಎಂದು ಕಾಣುತ್ತದೆ, ಎರಡನೆಯದರಲ್ಲಿ ಮೂರು ಹೆಚ್ಚು ಎಂದು. ಎರಡಕ್ಕೂ ಬೇರೆಬೇರೆ ಪತ್ರವ್ಯವಹಾರ ಶುರುವಾಗುತ್ತದೆ. ಹಾಗಾಗಿ ತಾಳೆಯನ್ನು ಬಿಲ್ಲಿನ ಮಟ್ಟದಲ್ಲಿ ಮಾಡಬಾರದು, ಆರ್ಡರಿನ ಸಾಲಿನ ಮಟ್ಟದಲ್ಲಿ ಮಾಡಬೇಕು: ಆರ್ಡರ್ 41ರ ಸಿಮೆಂಟಿಗೆ ಈವರೆಗೆ ಒಪ್ಪಿಕೊಂಡದ್ದು ಒಟ್ಟು ಎಷ್ಟು, ಈವರೆಗೆ ಬಿಲ್ ಆದದ್ದು ಒಟ್ಟು ಎಷ್ಟು. ಮೊದಲ ಲೋಡಿನ ನಂತರ 197ಕ್ಕೆ 200, ಗುರುತು ಬಿತ್ತು. ಎರಡನೆಯದರ ನಂತರ 300ಕ್ಕೆ 300, ಗುರುತು ತಾನಾಗಿಯೇ ಅಳಿಯಿತು. ತಡೆಹಿಡಿದ ₹1,035 ಈಗ ಕೊಡಬಹುದು.

ದರ ಮಾತ್ರ ಬೇರೆಯೇ ಕಥೆ. 345ಕ್ಕೆ 345, ಸರಿ ಇದೆಯಲ್ಲ ಎನಿಸುತ್ತದೆ. ತೆರಿಗೆ ಬಿಡಿಸಿ ನೋಡಿ. ಶೇ. 28 ತೆರಿಗೆ ಇದ್ದಾಗ 345ರಲ್ಲಿ ಸಿಮೆಂಟಿನ ಮೂಲ ದರ 269.53. ಶೇ. 18 ಆದಾಗ ಅದೇ 345ರಲ್ಲಿ ಮೂಲ ದರ 292.37. ಅಂದರೆ ಚೀಲಕ್ಕೆ ₹22.84 ದರ ಏರಿದೆ, ಇಳಿದ ತೆರಿಗೆಯ ಹೊದಿಕೆಯ ಕೆಳಗೆ. ಜಿಎಸ್‌ಟಿ ಕಟ್ಟುವ ಅಂಗಡಿಗೆ ತೆರಿಗೆಯ ಭಾಗ ಹೂಡುವಳಿ ತೆರಿಗೆ ಜಮೆಯಾಗಿ ವಾಪಸ್ ಸಿಗುತ್ತದೆ, ಮೂಲ ದರ ಸಿಗುವುದಿಲ್ಲ. ಹಾಗಾಗಿ ನಿಜವಾದ ನಷ್ಟ ಆ ಮೂಲ ದರದಲ್ಲಿ, ನೂರು ಚೀಲಕ್ಕೆ ₹2,284. ಮೂಲ ದರ ಹಾಗೇ ಉಳಿದಿದ್ದರೆ ಬಿಲ್ ₹34,500ರ ಬದಲು ಸುಮಾರು ₹31,805 ಆಗಬೇಕಿತ್ತು.

ಸಂದೇಶದಲ್ಲಿ ಬಿಟ್ಟುಹೋದ ಮೊದಲ ಮಾತು ಇದೇ. ‘ಎಲ್ಲ ಸೇರಿ 345’ ಎನ್ನುವ ಬದಲು ‘269.53, ತೆರಿಗೆ ಬೇರೆ’ ಎಂದಿದ್ದರೆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಹಾಗೆಂದು ಅಕ್ಕನ ಕೈ ಪೂರ್ತಿ ಖಾಲಿಯಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ಎ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಉದ್ದೇಶ ಕಾಣದಿದ್ದರೆ, ಒಪ್ಪಂದದ ನಂತರ ತೆರಿಗೆ ಇಳಿದಷ್ಟನ್ನು ಕೊಳ್ಳುವವರು ಬೆಲೆಯಲ್ಲಿ ಕಳೆಯಬಹುದು. ಸರಬರಾಜುದಾರರು ಕಂಪನಿಯೇ ದರ ಏರಿಸಿತು ಎನ್ನಬಹುದು, ಅದು ನಿಜವೂ ಇರಬಹುದು. ಗುರುತು ಬಿದ್ದ ಕೂಡಲೇ ಮೋಸ ಎಂದಲ್ಲ, ಹಣ ಕೊಡುವ ಮೊದಲು ಒಂದು ಫೋನ್ ಮಾಡಬೇಕು ಎಂದಷ್ಟೇ.

ತೆರಿಗೆ ಬದಲಾವಣೆ ದಿನಾ ಆಗುವುದಿಲ್ಲ. ಆದರೆ ಲಾರಿ ಬಾಡಿಗೆ, ಇಳಿಸುವ ಹಮಾಲಿ, ‘ಸ್ಕೀಮ್’ ಹೆಸರಿನ ರಿಯಾಯಿತಿ ಇವೆಲ್ಲ ಇದೇ ರೀತಿ ಒಟ್ಟು ಮೊತ್ತದೊಳಗೆ ಅಡಗಿ ಕೂರುತ್ತವೆ. ಆದ್ದರಿಂದ ಒಟ್ಟಿಗೆ ಒಟ್ಟು ನೋಡಬೇಡಿ. ಮೂಲ ದರಕ್ಕೆ ಮೂಲ ದರ, ಬಾಡಿಗೆಗೆ ಬಾಡಿಗೆ ನೋಡಿ. ಆರ್ಡರಿನಲ್ಲಿ ಇಲ್ಲದ ಸಾಲು ಬಿಲ್ಲಿನಲ್ಲಿ ಇದ್ದರೆ ಅದರ ಒಪ್ಪಿದ ದರ ಸೊನ್ನೆ ಎಂದೇ ಹಿಡಿಯಿರಿ.

ಟನ್ನಿನಲ್ಲಿ ಕೇಳಿ, ಕಟ್ಟಿನಲ್ಲಿ ಎಣಿಸಿದಾಗ

ಕಬ್ಬಿಣದ ಸರಳು ಹೆಚ್ಚು ಜನ ಸೋಲುವ ಜಾಗ. ಅಕ್ಕ ಕೇಳಿದ್ದು ಟನ್ನಿನಲ್ಲಿ, ತಮ್ಮ ಎಣಿಸಿದ್ದು ಕಟ್ಟಿನಲ್ಲಿ: ಐದು ಸರಳಿನ 37 ಕಟ್ಟು, ಒಟ್ಟು 185 ಸರಳು, ಪ್ರತಿಯೊಂದೂ 12 ಮೀಟರ್. ಬಿಲ್ ಬಂದದ್ದು ಕಿಲೋದಲ್ಲಿ, 2,000 ಕಿಲೋ. ಏಕಮಾನವೇ ಬೇರೆಯಾದರೆ ಮೂರು ಕಾಗದಗಳು ಒಂದನ್ನೊಂದು ಮಾತಾಡಿಸುವುದೇ ಇಲ್ಲ.

12 ಎಂಎಂ ಸರಳಿಗೆ ಮೀಟರಿಗೆ 0.888 ಕಿಲೋ ಲೆಕ್ಕ. 185 ಸರಳಿಗೆ ಸುಮಾರು 1,971 ಕಿಲೋ ಆಗಬೇಕು. ಎಣಿಕೆಯಲ್ಲೇ 29 ಕಿಲೋ ಕಡಿಮೆ ಎಂದು ಅಲ್ಲಿಯೇ ಗೊತ್ತಾಯಿತು. ತಮ್ಮ ಲಾರಿಯನ್ನು ತೂಕಸೇತುವೆಗೂ ಕಳಿಸಿದ್ದ. ಮಾಲಿನ ಸಮೇತ 6,180, ಇಳಿಸಿದ ಮೇಲೆ ಅದೇ ಸೇತುವೆಯಲ್ಲಿ 4,240. ನಿವ್ವಳ 1,940 ಕಿಲೋ. ಖಾಲಿ ತೂಕವನ್ನು ಲಾರಿಯ ದಾಖಲೆಯಿಂದ ಎತ್ತಿಕೊಳ್ಳಬಾರದು, ಇನ್ನೊಂದು ಊರಿನ ಸೇತುವೆಯಿಂದಲೂ ತರಬಾರದು. ಡೀಸೆಲ್ಲು, ಒದ್ದೆ ತಾಡಪತ್ರಿ, ಕ್ಲೀನರ್ ಇಳಿದದ್ದು, ಹತ್ತಿದ್ದು, ಎಲ್ಲವೂ ಅಂತರದಲ್ಲಿ ಸೇರಿಬಿಡುತ್ತವೆ.

ಈಗ ಸರಬರಾಜುದಾರರು ಹೇಳುವ ಮಾತು ಇದು: ‘ಮಾನದಂಡದಲ್ಲೇ ಐದು ಪರ್ಸೆಂಟ್ ಹೆಚ್ಚುಕಡಿಮೆಗೆ ಅವಕಾಶ ಇದೆ.’ ಇದೆ, ನಿಜ. ಭಾರತೀಯ ಮಾನದಂಡ ಐಎಸ್ 1786ರ ಪ್ರಕಾರ 12 ಎಂಎಂ ಸರಳಿನ ತೂಕ ನಿಗದಿಗಿಂತ ಶೇ. 5ರಷ್ಟು ಆಚೀಚೆ ಇರಬಹುದು. ಆದರೆ ಅದು ಕಾರ್ಖಾನೆ ಎಷ್ಟು ದಪ್ಪ ಅಥವಾ ತೆಳ್ಳಗೆ ಎಳೆಯಬಹುದು ಎಂಬುದರ ಮಿತಿ. ನಮ್ಮ ಸರಳುಗಳು 1,971ರ ಬದಲು 1,940 ತೂಗಿದವು, ಅಂದರೆ ಶೇ. 1.6 ಕಡಿಮೆ. ಸರಳು ಮಾನದಂಡಕ್ಕೆ ಸರಿಯಾಗಿಯೇ ಇದೆ. ಕಿಲೋ ಲೆಕ್ಕದಲ್ಲಿ ಮಾರುವಾಗ ಬಾರದ 60 ಕಿಲೋಗೆ ಬಿಲ್ ಹಾಕಲು ಆ ಮಾನದಂಡ ಅನುಮತಿ ಕೊಡುವುದಿಲ್ಲ. 60 ಕಿಲೋಗೆ ₹3,360, ಮೇಲೆ ಶೇ. 18 ತೆರಿಗೆ ಸೇರಿ ₹3,964.80.

ಬಿಟ್ಟುಹೋದ ಎರಡನೇ ಮಾತು ಇಲ್ಲಿ ಸಿಕ್ಕಿತು. ಯಾವ ತೂಕಕ್ಕೆ ಹಣ ಎಂದು ಆರ್ಡರಿನಲ್ಲಿ ಇರಲಿಲ್ಲ. ‘ನಮ್ಮ ಕಡೆಯ ತೂಕಸೇತುವೆಯ ನಿವ್ವಳ ತೂಕಕ್ಕೆ ಬಿಲ್’ ಎಂಬ ಒಂದೇ ಸಾಲು ಸಾಕಿತ್ತು.

ತೂಕದ ಮಾಲಿನಲ್ಲಿ ಒಂದಿಷ್ಟು ವ್ಯತ್ಯಾಸವನ್ನು ಬಿಡಲೇಬೇಕು, ಇಲ್ಲದಿದ್ದರೆ ದಿನವೂ ಗುರುತು ಬಿದ್ದು ಯಾರೂ ನೋಡದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎಣಿಸುವ ಮಾಲಿಗೆ ಬಿಡುವ ಮಿತಿ ಸೊನ್ನೆ. ತೂಗುವ ಮಾಲಿಗೆ ಶೇ. 0.5, ಇಲ್ಲಿ 10 ಕಿಲೋ. ದರಕ್ಕೆ ಪೈಸೆಯ ಸುತ್ತುವಿಕೆ ಬಿಟ್ಟರೆ ಏನೂ ಬೇಡ. ಬಿಟ್ಟ ವ್ಯತ್ಯಾಸವನ್ನೂ ಒಂದು ಕಾಲಂನಲ್ಲಿ ಬರೆಯುತ್ತಾ ಹೋಗಿ. ಅಳತೆಯ ಸಹಜ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಆರು ತಿಂಗಳು ಪ್ರತಿ ಲೋಡೂ ಎಂಟು ಕಿಲೋ ಕಡಿಮೆಯೇ ಬಂದರೆ ಅದು ಸಹಜವಲ್ಲ. ನಿಮ್ಮ ಮಿತಿ ಎಷ್ಟೆಂದು ಯಾರಿಗೋ ಗೊತ್ತಾಗಿದೆ, ಇಲ್ಲವೇ ಸೇತುವೆಯ ತೂಕವೇ ಒಂದು ಕಡೆ ವಾಲಿದೆ.

ಕಂಪ್ಯೂಟರಿನಲ್ಲಿ

ಟ್ಯಾಲಿ ಬಳಸುವವರಿಗೆ Purchase Order, Receipt Note, Purchase ಎಂಬ ಮೂರು ವೋಚರ್‌ಗಳು ಇದಕ್ಕೇ ಇವೆ. ಹಲವರು ನಡುವಿನದನ್ನು ಹಾರಿಸಿ ನೇರ ಖರೀದಿ ನಮೂದಿಸುತ್ತಾರೆ, ಆಗ ದಾಸ್ತಾನು ಬಿಲ್ಲಿನಂತೆಯೇ ಏರುತ್ತದೆ. ಟ್ಯಾಲಿ ಇಲ್ಲದವರಿಗೆ ಸ್ಪ್ರೆಡ್‌ಶೀಟ್ ಸಾಕು. ಮುಖ್ಯ ಹಾಳೆಯಲ್ಲಿ A ಆರ್ಡರ್ ಸಂಖ್ಯೆ, B ಮಾಲು, C ಕೇಳಿದ ಪ್ರಮಾಣ, D ತೆರಿಗೆ ಬಿಟ್ಟ ದರ. Avaka ಮತ್ತು Bill ಎಂಬ ಇನ್ನೆರಡು ಹಾಳೆಗಳಲ್ಲಿ ಮೊದಲ ಮೂರು ಕಾಲಂ ಆರ್ಡರ್ ಸಂಖ್ಯೆ, ಮಾಲು, ಪ್ರಮಾಣ. Bill ಹಾಳೆಯ D ಕಾಲಂನಲ್ಲಿ ಬಿಲ್ಲಿನ ಮೂಲ ದರ. ನಂತರ ಮುಖ್ಯ ಹಾಳೆಯ E2, F2, G2, H2ಗಳಲ್ಲಿ ಕ್ರಮವಾಗಿ:

```
=SUMIFS(Avaka!C:C,Avaka!A:A,A2,Avaka!B:B,B2)
=SUMIFS(Bill!C:C,Bill!A:A,A2,Bill!B:B,B2)
=MAXIFS(Bill!D:D,Bill!A:A,A2,Bill!B:B,B2)
=IF(E2>C2,"ಹೆಚ್ಚು ಬಂದಿದೆ ","")&IF(F2>E2,"ಪ್ರಮಾಣ ","")&IF(G2>D2,"ದರ","")
```

ಮೊದಲ ಸೂತ್ರ ಈವರೆಗೆ ಒಪ್ಪಿಕೊಂಡದ್ದನ್ನು ಕೂಡಿಸುತ್ತದೆ, ಎರಡನೆಯದು ಈವರೆಗೆ ಬಿಲ್ ಆದದ್ದನ್ನು. ಮೂರನೆಯದು ಎಲ್ಲ ಬಿಲ್ಲುಗಳಲ್ಲಿ ಅತಿ ಹೆಚ್ಚಿನ ದರವನ್ನು ಎತ್ತಿಕೊಳ್ಳುತ್ತದೆ. ಸರಾಸರಿ ತೆಗೆದರೆ ಒಂದು ಬಿಲ್ಲಿನ ಏರಿಕೆ ಇನ್ನೊಂದರ ಇಳಿಕೆಯಲ್ಲಿ ಮುಳುಗಿಹೋಗುತ್ತದೆ. ಆರ್ಡರ್ 41ರ ಸಿಮೆಂಟಿನ ಸಾಲಿನಲ್ಲಿ ಕೊನೆಗೆ ‘ದರ’ ಎಂದು, ಸರಳಿನ ಸಾಲಿನಲ್ಲಿ ‘ಪ್ರಮಾಣ’ ಎಂದು ಉಳಿಯುತ್ತದೆ. ಮಾಲಿನ ಹೆಸರನ್ನು ಮೂರು ಹಾಳೆಯಲ್ಲೂ ಒಂದೇ ರೀತಿ ಬರೆಯಬೇಕು. ‘12 ಎಂಎಂ’ ಒಂದು ಕಡೆ, ‘12ಎಂಎಂ’ ಇನ್ನೊಂದು ಕಡೆ ಆದರೆ ಕೂಡಿಕೆ ಸೊನ್ನೆ ತೋರಿಸುತ್ತದೆ.

ಸೂತ್ರ ಹಿಡಿಯಲಾಗದ ಸಂಗತಿಗಳೂ ಇವೆ. ಅದೇ ಬಿಲ್ ಬೇರೆ ಬೇರೆ ರೀತಿ ಬರೆದ ಬಿಲ್ ಸಂಖ್ಯೆಯಲ್ಲಿ ಎರಡು ಸಲ ನಮೂದಾದರೆ ಸೂತ್ರಕ್ಕೆ ಅವು ಎರಡು ಬಿಲ್. ಒಟ್ಟು ಪ್ರಮಾಣ ಹೆಚ್ಚಾಗಿ ಗುರುತು ಬೀಳುತ್ತದೆ ನಿಜ, ಕಾರಣ ಹುಡುಕಬೇಕಾದವರು ನಾವೇ. ಆರ್ಡರಿನಲ್ಲೇ ದರ ತಪ್ಪಾಗಿ ಬರೆದಿದ್ದರೆ, ಎಣಿಸುವವರೂ ಕಳಿಸುವವರೂ ಒಂದಾಗಿದ್ದರೆ, ಚೀಲದೊಳಗಿನ ಸಿಮೆಂಟು ಹಳೆಯದಾಗಿದ್ದರೆ ತಾಳೆ ಸುಮ್ಮನಿರುತ್ತದೆ. ಚೀಲದ ಮೇಲೆ ಅಚ್ಚಾದ ತಯಾರಿಕೆಯ ವಾರ–ವರ್ಷವನ್ನು ಆವಕ ಚೀಟಿಯಲ್ಲಿ ಬರೆಯುವ ಅಭ್ಯಾಸ ಕೊನೆಯದಕ್ಕೆ ಸ್ವಲ್ಪ ನೆರವಾದೀತು.

ಗುರುತು ಬಿದ್ದ ಮೇಲೆ

ಅಕ್ಕ ಈಗ ಬರೆಯಬೇಕಾದ ಸಂದೇಶ ಚಿಕ್ಕದು: ‘ಆರ್ಡರ್ 41. ಸರಳು ಬಿಲ್ 2,000 ಕಿಲೋ, ಒಪ್ಪಿದ್ದು 1,940, ತೂಕದ ಚೀಟಿ ಜೊತೆಗಿದೆ. ಸಿಮೆಂಟು ಎರಡನೇ ಬಿಲ್ ಮೂಲ ದರ 292.37, ಒಪ್ಪಿದ್ದು 269.53. ಎರಡಕ್ಕೂ ಕ್ರೆಡಿಟ್ ನೋಟ್ ಕಳಿಸಿ.’ ‘ಮುಂದಿನ ಬಿಲ್ಲಿನಲ್ಲಿ ಸರಿಮಾಡ್ತೇನೆ’ ಎಂಬ ಮಾತಿಗೆ ಒಪ್ಪಬಾರದು. ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಡಿ ಕ್ರೆಡಿಟ್ ನೋಟ್ ಬಂದರೆ ಮಾತ್ರ ಬೆಲೆಯೂ ತೆರಿಗೆಯೂ ಎರಡೂ ಕಡೆ ಒಟ್ಟಿಗೆ ಇಳಿಯುತ್ತವೆ. ಪೋರ್ಟಲ್ಲಿನ ಐಎಂಎಸ್‌ನಲ್ಲಿ ಸಿಟ್ಟಿನಿಂದ ಬಿಲ್ಲನ್ನು ತಿರಸ್ಕರಿಸಲೂಬಾರದು. ಹಾಗೆ ಮಾಡಿದರೆ ಒಪ್ಪಿಕೊಂಡ ಮಾಲಿನ ತೆರಿಗೆ ಜಮೆಯೂ ಕೈತಪ್ಪುತ್ತದೆ. ಬಾರದ ಮಾಲಿನ ಜಮೆ ಪಡೆಯುವುದಕ್ಕೂ ಅವಕಾಶವಿಲ್ಲ, 16ನೇ ಕಲಮು ಮಾಲು ಕೈಸೇರಿರಬೇಕು ಎನ್ನುತ್ತದೆ.

ಕೇಳಿದ್ದಕ್ಕಿಂತ ಕಡಿಮೆ ಬಂದರೆ ಪೂರ್ತಿ ವಾಪಸ್ ಕಳಿಸಬಹುದು, ಇಟ್ಟುಕೊಂಡರೆ ಬಂದಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಬೇಕು. ಹೆಚ್ಚು ಬಂದರೆ ಕೇಳಿದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ನಿರಾಕರಿಸಬಹುದು. ಇದು ಸರಕು ಮಾರಾಟ ಕಾಯ್ದೆಯ 37ನೇ ಕಲಮು. ಹಣದ ಗಡುವಿನ ಬಗ್ಗೆ ಒಂದು ಎಚ್ಚರ ಬೇಕು. ಸಿಮೆಂಟ್ ವ್ಯಾಪಾರಿಗೆ ಇದು ಅನ್ವಯಿಸದು, ಆದರೆ ಹಾಲೊ ಬ್ಲಾಕ್ ಅಥವಾ ಇಂಟರ್‌ಲಾಕ್ ತಾವೇ ತಯಾರಿಸುವ, ಉದ್ಯಮ ನೋಂದಣಿ ಇರುವ ಸಣ್ಣ ಘಟಕದಿಂದ ಕೊಂಡಿದ್ದರೆ, ಮಾಲು ಬಂದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ ಮಾಲನ್ನು ಒಪ್ಪಿಕೊಂಡಂತೆ ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಆಗ ಹಣ ಕೊಡುವ ದಿನದ ಎಣಿಕೆಯೂ ಮಾಲು ಬಂದ ದಿನದಿಂದಲೇ ಶುರು. ತಿಂಗಳ ಕೊನೆಗೆ ಕೂತು ತಾಳೆ ನೋಡುವವರಿಗೆ ಮೊದಲ ವಾರದ ಲೋಡಿನ ಆಕ್ಷೇಪದ ದಿನ ಆಗಲೇ ಮುಗಿದಿರುತ್ತದೆ. ಲಾರಿ ಬಂದ ಸಂಜೆಯೇ ಅಂಗಡಿಯ ಬಾಗಿಲು ಎಳೆಯುವ ಮೊದಲು, ತಮ್ಮನ ಚೀಟಿಯನ್ನು ಅಕ್ಕನ ಬಿಲ್ಲಿನ ಪಕ್ಕ ಇಡಬೇಕಾದದ್ದು ಇದಕ್ಕೇ.